ಸೋಲಿನ ಕಥೆಯಲ್ಲಿ ಕಾಣೆಯಾದ ಮೂರು ಸ್ಲೈಡ್‌ಗಳು

ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವು ಮಾಡಿಕೊಂಡು ಓದಿ.

ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಒಂದು ಜಾತಿಯ ಕರೋಸೆಲ್ ಕಣ್ಣಿಗೆ ಬೀಳುತ್ತೆ. "ನನ್ನ ಕಂಪನಿ ಮುಳುಗಿತು. ನಾನು ಕಲಿತದ್ದು ಇದು." ಹತ್ತು ಸ್ಲೈಡು, ದಪ್ಪ ಅಕ್ಷರ, ಕೊನೆಯಲ್ಲಿ ಫೌಂಡರ್‌ನ ನಗುಮುಖದ ಫೋಟೋ. ನಮ್ಮ ಹುಡುಗ ಹುಡುಗಿಯರೂ ಅದನ್ನ ಶೇರ್ ಮಾಡ್ತಾರೆ, ಸೇವ್ ಮಾಡಿ ಇಟ್ಕೊತಾರೆ. ಸಾಲ ತಗೊಂಡು ಏನಾದ್ರೂ ಶುರು ಮಾಡಬೇಕು ಅಂತಿರೋ ನಮ್ಮವರು ಅದನ್ನೇ ಪಾಠದ ಪುಸ್ತಕ ಅಂದ್ಕೊಂಡು ಓದ್ತಾರೆ. ನನಗೆ ಯೋಚನೆ ಹತ್ತಿಸಿದ್ದು ಅದೇ.

ಈ ಕಥೆಗಳೆಲ್ಲ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಎಷ್ಟೋ ಕಥೆಗಳು ನಿಜವೇ. ನನ್ನ ತಕರಾರಿರುವುದು ಅದರ ಆಕಾರದ ಬಗ್ಗೆ. ಆರಂಭ, ಮಧ್ಯ, ಅಂತ್ಯ ಅಂತ ನೀಟಾಗಿ ಕತ್ತರಿಸಿದಾಗ ಕೆಲವು ತುಂಡುಗಳು ಕತ್ತರಿಯ ಆಚೆ ಬೀಳ್ತವೆ. ಹಾಗೆ ಬಿದ್ದ ತುಂಡುಗಳೇ ನಮ್ಮವರಿಗೆ ಬೇಕಾದವು.

ಮೊದಲು ಆ ಆಕಾರ ಹೇಗಿರುತ್ತೆ ನೋಡೋಣ.

ಮೊದಲನೇ ಸ್ಲೈಡು ಕೊಕ್ಕೆ. ಒಂದು ದೊಡ್ಡ ಅಂಕಿ, ಒಂದು ಸೋಲು. "ಇಷ್ಟು ಕೋಟಿ ಕಳಕೊಂಡೆ" ಅನ್ನೋ ಥರ. ಬೆರಳು ನಿಲ್ಲಬೇಕಲ್ಲ, ಅದಕ್ಕೆ. ಎರಡು, ಮೂರನೇ ಸ್ಲೈಡು ಆರಂಭ: ಸಣ್ಣ ಕೋಣೆ, ದೊಡ್ಡ ಕನಸು, ಬಿಟ್ಟುಬಂದ ಒಳ್ಳೆ ನೌಕರಿ. ನಾಲ್ಕರಲ್ಲಿ ಏರಿಕೆ: ಫಂಡಿಂಗ್ ಬಂತು, ಪತ್ರಿಕೆಯಲ್ಲಿ ಹೆಸರು ಬಂತು. ಐದರಿಂದ ಏಳರವರೆಗೆ ಮಧ್ಯ: ಬೆಳವಣಿಗೆ ನಿಂತಿತು, ನಿದ್ದೆ ಹೋಯಿತು, ಜನರನ್ನು ತೆಗೆಯಬೇಕಾಯಿತು. ಎಂಟರಲ್ಲಿ ತಿರುವು, ಒಬ್ಬನೇ ಕೂತು ಯೋಚಿಸಿದ ಆ ರಾತ್ರಿ. ಒಂಬತ್ತರಲ್ಲಿ ಮೂರು ಪಾಠ. ಹತ್ತರಲ್ಲಿ "ನಿಮ್ಮ ಸೋಲಿನ ಕಥೆ ಕಾಮೆಂಟಿನಲ್ಲಿ ಬರೆಯಿರಿ, ನನ್ನನ್ನು ಫಾಲೋ ಮಾಡಿ".

ಈ ಆಕಾರಕ್ಕೆ ಕಾರಣ ಆ ಜಾಗವೇ. ಒಂದು ಸ್ಲೈಡಲ್ಲಿ ಇಪ್ಪತ್ತು, ಮೂವತ್ತು ಪದ ಹಿಡಿಸಬಹುದು, ಅದಕ್ಕಿಂತ ಹೆಚ್ಚಾದ್ರೆ ಫೋನಲ್ಲಿ ಓದೋಕೆ ಆಗಲ್ಲ. ಪ್ರತಿ ಸ್ಲೈಡೂ ಓದುಗನನ್ನ ಮುಂದಿನದಕ್ಕೆ ತಳ್ಳಬೇಕು. ಷರತ್ತು, ಒಪ್ಪಂದ, ಬಾಕಿ ಲೆಕ್ಕ ಇವೆಲ್ಲ ಸ್ವೈಪ್ ನಿಲ್ಲಿಸುವ ವಿಷಯಗಳು. ಒಬ್ಬ ಮನುಷ್ಯನ ಮನಸ್ಸು, ಅವನ ಅಹಂಕಾರ, ಅವನ ಕಣ್ಣೀರು ಸ್ವೈಪ್ ಓಡಿಸುವ ವಿಷಯಗಳು. ಹೀಗಾಗಿ ದುಡ್ಡಿನ ವ್ಯವಸ್ಥೆಯಲ್ಲಿ ಆದ ಸೋಲು ನಿಧಾನಕ್ಕೆ ಗುಣದ ಸೋಲಾಗುತ್ತೆ. "ನನಗೆ ತಾಳ್ಮೆ ಇರಲಿಲ್ಲ, ಈಗ ಕಲಿತೆ" ಅನ್ನೋ ಒಂದು ಸಾಲಿನಲ್ಲಿ ಎಲ್ಲ ಮುಗಿದುಹೋಗುತ್ತೆ.

ಮಾತು ಗಾಳಿಯಲ್ಲಿ ಬೇಡ. ಒಂದು ನಿಜವಾದ ಕಥೆ ತಗೊಳ್ಳೋಣ. ಈ ಬಗೆಯ ಕಥೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ಒಂದನ್ನೇ ಆರಿಸಿದ್ದೀನಿ, ಯಾಕಂದ್ರೆ ಕೆಟ್ಟದ್ದನ್ನ ಬಯ್ಯೋದು ಸುಲಭ.

ಸಾಹಿಲ್ ಲವಿಂಗಿಯಾ ಅನ್ನೋ ಹುಡುಗ ಅಮೆರಿಕದ ಪಿಂಟರೆಸ್ಟ್ ಕಂಪನಿಯ ಎರಡನೇ ನೌಕರ. 2011ರಲ್ಲಿ ಆ ಕೆಲಸ ಬಿಟ್ಟ. ಬಿಟ್ಟಾಗ ಅವನ ಪಾಲಿನ ಷೇರು ಒಂದೂ ಕೈಗೆ ಬಂದಿರಲಿಲ್ಲ. ಗಮ್‌ರೋಡ್ ಅನ್ನೋ ಕಂಪನಿ ಶುರು ಮಾಡಿದ. ಕಲಾವಿದರು, ಬರಹಗಾರರು ತಮ್ಮ ಡಿಜಿಟಲ್ ಕೆಲಸವನ್ನ ಒಂದು ಲಿಂಕ್ ಕೊಟ್ಟು ನೇರವಾಗಿ ಮಾರುವ ವ್ಯವಸ್ಥೆ ಅದು. ಒಂದು ವಾರಾಂತ್ಯದಲ್ಲಿ ಕಟ್ಟಿ ಬಿಟ್ಟದ್ದನ್ನ ಮೊದಲ ದಿನವೇ 50 ಸಾವಿರಕ್ಕೂ ಹೆಚ್ಚು ಜನ ನೋಡಿದರು. ಆ ವರ್ಷ 11 ಲಕ್ಷ ಡಾಲರ್ ಬಂಡವಾಳ ಬಂತು. 2012ರಲ್ಲಿ ಕ್ಲೈನರ್ ಪರ್ಕಿನ್ಸ್ ಅನ್ನೋ ಹೆಸರಾಂತ ಹೂಡಿಕೆ ಸಂಸ್ಥೆಯ ಮುಂದಾಳತ್ವದಲ್ಲಿ ಇನ್ನೂ 70 ಲಕ್ಷ ಡಾಲರ್ ಬಂತು. ಹುಡುಗನಿಗೆ ಆಗಿನ್ನೂ 19 ವರ್ಷ. ಇದು ಆರಂಭ.

ಮಧ್ಯ ಹೀಗಿದೆ. ಕಂಪನಿ ಬೆಳೀತಾ ಇತ್ತು, ಆದರೆ ಬೇಕಾದಷ್ಟು ವೇಗದಲ್ಲಿ ಅಲ್ಲ. ಅಂಥ ಕಂಪನಿಗೆ ತಿಂಗಳಿಗೆ 20 ಶೇಕಡಾಕ್ಕಿಂತ ಕಡಿಮೆ ಬೆಳವಣಿಗೆ ಬಂದಾಗಲೇ ಅಪಾಯ ಅಂತ ಗೊತ್ತಾಗಬೇಕಿತ್ತು ಅಂತ ಅವನೇ ಆಮೇಲೆ ಬರೆದ. 2015ರಲ್ಲಿ ಮುಂದಿನ ಸುತ್ತಿನ ಬಂಡವಾಳ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ 20 ಜನರಲ್ಲಿ 15 ಜನರನ್ನ ತೆಗೆದ. ಕಚೇರಿ ಬಾಡಿಗೆಗೆ ಕೊಟ್ಟ. ಉಳಿದವರೂ ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ಅವನೊಬ್ಬನೇ ಉಳಿದ. ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟು ಯೂಟಾ ರಾಜ್ಯದ ಪ್ರೋವೋ ಊರಿಗೆ ಹೋಗಿ ಕಾದಂಬರಿ ಬರೆಯೋ ಕ್ಲಾಸಿಗೆ ಸೇರಿದ.

ಅಂತ್ಯ: ಕಂಪನಿ ಸಾಯಲಿಲ್ಲ. ಖರ್ಚು ಇಳಿದ ಮೇಲೆ ಸಣ್ಣಗೆ ಲಾಭ ಬರತೊಡಗಿತು. 2017ರಲ್ಲಿ ಕ್ಲೈನರ್ ಪರ್ಕಿನ್ಸ್ ತನ್ನ ಪಾಲನ್ನ ಕಂಪನಿಗೇ ಒಂದು ಡಾಲರಿಗೆ ವಾಪಸ್ ಮಾರಿತು. ಹೌದು, ಒಂದೇ ಒಂದು ಡಾಲರ್. 2019ರ ಫೆಬ್ರವರಿಯಲ್ಲಿ ಅವನು ಇದನ್ನೆಲ್ಲ ಬರೆದ. ನೂರು ಕೋಟಿ ಡಾಲರ್ ಕಂಪನಿ ಕಟ್ಟುವುದರಲ್ಲಿ ನಾನು ಸೋತದ್ದರ ಬಗ್ಗೆ ಒಂದು ಅವಲೋಕನ, ಅನ್ನೋ ಅರ್ಥದ ತಲೆಬರಹ. ಬಳಸುವವರಿಗೆ ಉಪಯೋಗವಾಗುವ ಸಣ್ಣ ಕಂಪನಿಯೂ ಗೆಲುವೇ ಅನ್ನುವುದು ಪಾಠ. ಲೋಕ ಓದಿ ಮೆಚ್ಚಿತು.

ಈಗ ಇದನ್ನ ಹತ್ತು ಸ್ಲೈಡಿಗೆ ಇಳಿಸಿ ನೋಡಿ. ಇಳಿಸಿದವರೂ ಬೇಕಾದಷ್ಟು ಜನ ಇದ್ದಾರೆ. ಕೊಕ್ಕೆ: "19ನೇ ವಯಸ್ಸಿಗೆ 80 ಲಕ್ಷ ಡಾಲರ್." ಮಧ್ಯ: "75 ಶೇಕಡಾ ಜನರನ್ನ ತೆಗೆದೆ." ತಿರುವು: "ಒಂದು ಡಾಲರ್." ಪಾಠ: "ದೊಡ್ಡದರ ಹಿಂದೆ ಓಡಬೇಡಿ." ಎಷ್ಟು ಚೆಂದ ಕೂತುಕೊಳ್ತು ನೋಡಿ. ಹಾಗೆ ಕೂರಿಸುವಾಗ ಹೊರಗೆ ಬಿದ್ದದ್ದು ಏನು?

ಮೊದಲನೆಯದು, ಆ ಒಂದು ಡಾಲರಿನ ಅರ್ಥ. ಅದು ಸ್ಲೈಡಲ್ಲಿ ಪವಾಡದ ಥರ ಕಾಣುತ್ತೆ, ಯಾರೋ ಕರುಣೆ ತೋರಿಸಿದ ಹಾಗೆ. ಅದರ ಹಿಂದೆ ಒಂದು ಷರತ್ತಿದೆ, ಅದಕ್ಕೆ ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತಾರೆ. ಅಂದ್ರೆ, ಕಂಪನಿ ಮಾರಾಟವಾದ ದಿನ ಬಂದ ದುಡ್ಡಿನಲ್ಲಿ ಹೂಡಿಕೆದಾರರು ಒಪ್ಪಂದದಲ್ಲಿರುವಷ್ಟನ್ನ ಮೊದಲು ತಗೋತಾರೆ. ಮಿಕ್ಕಿದ್ದರೆ ಮಾತ್ರ ಫೌಂಡರಿಗೆ, ನೌಕರರಿಗೆ. ಲವಿಂಗಿಯಾ ತಾನೇ ಬರೆದ ಪ್ರಕಾರ, ಆ ಮೊದಲ ಪಾಲು 1 ಕೋಟಿ 65 ಲಕ್ಷ ಡಾಲರ್ ಇದ್ದದ್ದು, ಆ ಒಂದು ಡಾಲರ್ ವ್ಯವಹಾರ ಆದ ಮೇಲೆ 25 ಲಕ್ಷ ಡಾಲರಿಗೆ ಇಳಿಯಿತು. ಲೆಕ್ಕ ಹಾಕಿ. ಮೊದಲಿನ ಸ್ಥಿತಿಯಲ್ಲಿ ಕಂಪನಿ 1 ಕೋಟಿ 60 ಲಕ್ಷಕ್ಕೆ ಮಾರಾಟವಾಗಿದ್ದರೆ, ಕಾಗದದ ಮೇಲೆ ಷೇರು ಇರುವ ಸಾಮಾನ್ಯ ನೌಕರನಿಗೆ ಸೊನ್ನೆ. ಅಷ್ಟು ದೊಡ್ಡ ಮೊತ್ತಕ್ಕೆ ಮಾರಾಟವಾದರೂ ಸೊನ್ನೆ.

ಹೂಡಿಕೆ ಸಂಸ್ಥೆಗೆ ಇದ್ಯಾಕೆ ಬೇಡವಾಯ್ತು? ಅವರ ಲೆಕ್ಕವೇ ಬೇರೆ. ಅವರು ಒಂದು ನಿಧಿಯಿಂದ ಹತ್ತಾರು ಕಂಪನಿಗಳಿಗೆ ದುಡ್ಡು ಹಾಕ್ತಾರೆ. ಹೆಚ್ಚಿನವು ಮುಳುಗ್ತವೆ ಅಂತ ಗೊತ್ತಿದ್ದೇ ಹಾಕ್ತಾರೆ. ಒಂದೋ ಎರಡೋ ಹುಚ್ಚು ಹಿಡಿದ ಹಾಗೆ ಬೆಳೆದು ಉಳಿದವುಗಳ ನಷ್ಟವನ್ನೆಲ್ಲ ತುಂಬಬೇಕು. ನಿಧಾನಕ್ಕೆ ನಡೆದು ಸಣ್ಣ ಲಾಭ ಮಾಡುವ ಕಂಪನಿ ಆ ಲೆಕ್ಕಕ್ಕೇ ಬರಲ್ಲ. ಅದಕ್ಕೇ ತಿಂಗಳಿಗೆ 20 ಶೇಕಡಾ ಅನ್ನೋ ಆ ಹುಚ್ಚು ಓಟ. ಅಂದ್ರೆ ಗಮ್‌ರೋಡಿನ "ಸೋಲು" ಅಂದದ್ದು ವ್ಯಾಪಾರದ ಸೋಲಲ್ಲ, ಒಂದು ಬಗೆಯ ದುಡ್ಡಿನ ನಿರೀಕ್ಷೆಯ ಸೋಲು. ಹುಡುಗನ ಅಹಂಕಾರಕ್ಕೂ ಇದಕ್ಕೂ ಸಂಬಂಧ ಕಡಿಮೆ. ಆ ದುಡ್ಡು ತಗೊಂಡ ದಿನವೇ ಸೋಲಿನ ವ್ಯಾಖ್ಯಾನ ಬರೆದಾಗಿತ್ತು. ಮೂಲ ಬರಹ ಇದನ್ನ ಸುಮಾರಾಗಿ ಹೇಳುತ್ತೆ. ಕರೋಸೆಲ್ ಹೇಳಲ್ಲ.

ಎರಡನೆಯದು, ಆ 15 ಜನ. ಮಧ್ಯದ ಸ್ಲೈಡಲ್ಲಿ ಅವರು ಒಂದು ಶೇಕಡಾವಾರು. ಅವರನ್ನ ತೆಗೆದದ್ದು ಫೌಂಡರ್‌ನ ನೋವಾಗಿ ಬರುತ್ತೆ, ಅವರ ನೋವಾಗಿ ಅಲ್ಲ. ಆ ಲೋಕದಲ್ಲಿ ಕೆಲಸ ಹೋದವರಿಗೆ ಸಾಮಾನ್ಯವಾಗಿ 90 ದಿನದ ಗಡುವು ಇರುತ್ತೆ. ಅಷ್ಟರೊಳಗೆ ತಮ್ಮ ಪಾಲಿನ ಷೇರನ್ನ ಸ್ವಂತ ದುಡ್ಡು ಕೊಟ್ಟು ಕೊಳ್ಳಬೇಕು, ಇಲ್ಲದಿದ್ದರೆ ಅದು ಹೋಯ್ತು. ಕೆಲಸ ಕಳಕೊಂಡ ತಿಂಗಳಲ್ಲೇ, ಸೊನ್ನೆ ಆಗಬಹುದಾದ ಷೇರಿಗೆ ದುಡ್ಡು ಹಾಕೋದು ಯಾರು? ಆ ಹದಿನೈದು ಜನರ ಕಥೆಗೆ ಆರಂಭವೂ ಇದೆ, ಮಧ್ಯವೂ ಇದೆ. ಅಂತ್ಯ ಏನಾಯ್ತು ಅಂತ ಕೇಳಿದವರಿಲ್ಲ. ಅವರಿಗೆ ಕರೋಸೆಲ್ ಇಲ್ಲ.

ಮೂರನೆಯದು, ಬಿದ್ದಾಗ ಕೆಳಗೆ ಏನಿತ್ತು ಅನ್ನೋದು. 80 ಲಕ್ಷ ಡಾಲರ್ ತಗೊಂಡಿದ್ದ ಹುಡುಗನ ಮನೆ ಬಾಗಿಲಿಗೆ ಯಾರೂ ವಸೂಲಿಗೆ ಬರಲಿಲ್ಲ. ಯಾಕಂದ್ರೆ ಅದು ಸಾಲ ಅಲ್ಲ, ಪಾಲು. ಕಂಪನಿ ಮುಳುಗಿದ್ರೆ ಪಾಲೂ ಮುಳುಗುತ್ತೆ, ಅಷ್ಟೇ. ಅವನು ಕ್ಲಾಸಿಗೆ ಹೋಗಿ ಕಾದಂಬರಿ ಬರೆಯೋದು ಕಲಿಯಬಹುದಿತ್ತು. ಮಾಡಿದ್ದು ಒಳ್ಳೇದೇ. 2021ರಲ್ಲಿ ಅದೇ ಕಂಪನಿಗೆ ಜನಸಾಮಾನ್ಯರಿಂದ ಸಣ್ಣ ಸಣ್ಣ ಹೂಡಿಕೆಯಾಗಿ 50 ಲಕ್ಷ ಡಾಲರ್ ಎತ್ತಿದ. ಅದೇ ವರ್ಷ ಈ ಪಾಠಗಳದ್ದೇ ಒಂದು ಪುಸ್ತಕ ಬಂತು. ಅಂದ್ರೆ ಸೋಲಿನ ಕಥೆ ಅಂತ್ಯ ಆಗಿರಲಿಲ್ಲ, ಮುಂದಿನ ಆರಂಭಕ್ಕೆ ಬಂಡವಾಳದಲ್ಲೊಂದು ಪಾಲಾಗಿತ್ತು. ಚೆನ್ನಾಗಿ ಹೇಳಿದ ಸೋಲಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ.

ಎಲ್ಲರ ಸೋಲಿಗೂ ಆ ಬೆಲೆ ಇದೆಯಾ? ಇಲ್ಲಿಗೆ ನಮ್ಮ ಮಾತು ಬರುತ್ತೆ.

ನಮ್ಮವರಲ್ಲಿ ಉದ್ಯಮ ಶುರು ಮಾಡುವ ಹೆಚ್ಚಿನವರಿಗೆ ಸಿಗೋದು ಪಾಲಿನ ದುಡ್ಡಲ್ಲ, ಸಾಲದ ದುಡ್ಡು. 2016ರ ಏಪ್ರಿಲ್ 5ರಂದು ಶುರುವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯನ್ನೇ ನೋಡಿ. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಎಸ್‌ಸಿ ಅಥವಾ ಎಸ್‌ಟಿ, ಕನಿಷ್ಠ ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತ ಇತ್ತು. ಏಳು ವರ್ಷದಲ್ಲಿ ತೀರಿಸಬೇಕು, ಶುರುವಿನಲ್ಲಿ ಗರಿಷ್ಠ 18 ತಿಂಗಳು ವಿನಾಯಿತಿ. ಯೋಜನೆ ಬೇಕಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸಾಲ ಸೋಲುವ ರೀತಿ ಬೇರೆ. ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಇದು ಕಲ್ಪಿಸಿಕೊಂಡ ಉದಾಹರಣೆ, ಆದರೆ ಹೊಲಿಗೆ ಘಟಕ ನಡೆಸುವ ಯಾರನ್ನ ಕೇಳಿದರೂ ಗುರುತು ಹಿಡೀತಾರೆ.

ಒಬ್ಬ ಹೆಣ್ಣುಮಗಳು 20 ಲಕ್ಷದ ಯೂನಿಫಾರ್ಮ್ ಹೊಲಿಗೆ ಘಟಕ ಹಾಕ್ತಾಳೆ ಅಂದ್ಕೊಳ್ಳಿ. 15 ಲಕ್ಷ ಬ್ಯಾಂಕ್ ಸಾಲ, 5 ಲಕ್ಷ ಅವ್ವನ ಒಡವೆ, ಅಪ್ಪನ ನಿವೃತ್ತಿ ದುಡ್ಡು. ಬಡ್ಡಿ 11 ಶೇಕಡಾ, ಏಳು ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ ಸುಮಾರು 25,700 ರೂಪಾಯಿ. ಕೆಲಸ ಚೆನ್ನಾಗಿದೆ, ದೊಡ್ಡ ಕಂಪನಿಯೊಂದರ ಆರ್ಡರ್ ಬಂದಿದೆ, ತಿಂಗಳಿಗೆ 3 ಲಕ್ಷದ ಬಿಲ್ಲು. ಬಟ್ಟೆಯವನಿಗೆ ಕೈಮೇಲೆ ದುಡ್ಡು ಕೊಡಬೇಕು, ಹೊಲಿಯುವವರಿಗೆ ವಾರದ ಸಂಬಳ. ಆದರೆ ಆ ದೊಡ್ಡ ಕಂಪನಿ ಬಿಲ್ ಪಾಸ್ ಮಾಡೋದು ನಾಲ್ಕು ತಿಂಗಳಿಗೆ. ಅಂದ್ರೆ ಯಾವತ್ತು ನೋಡಿದರೂ ಇವಳ 12 ಲಕ್ಷ ಅವರ ಹತ್ತಿರ ಇದೆ. ಇವಳ ಒಟ್ಟು ಸಾಲವೇ 15 ಲಕ್ಷ!

ಕಾಗದದ ಮೇಲೆ ಘಟಕ ಲಾಭದಲ್ಲಿದೆ, ಕೈಯಲ್ಲಿ ಕಾಸಿಲ್ಲ. ಕಂತು ತಪ್ಪುತ್ತೆ. 90 ದಿನ ದಾಟಿದರೆ ಖಾತೆ ಎನ್‌ಪಿಎ. ಸಿಬಿಲ್ ಸ್ಕೋರ್ ಕುಸಿಯುತ್ತೆ, ಆಮೇಲೆ ಬೈಕಿಗೆ ಸಾಲ ಕೇಳಿದರೂ ಸಿಗೋದು ಕಷ್ಟ. ಸರ್ಕಾರದ ಗ್ಯಾರಂಟಿ ನಿಧಿ ಇದೆಯಲ್ಲ ಅಂತೀರಿ. ಅದು ಬ್ಯಾಂಕಿಗೆ ಗ್ಯಾರಂಟಿ, ಇವಳಿಗಲ್ಲ. ನಿಧಿಯಿಂದ ಬ್ಯಾಂಕಿಗೆ ದುಡ್ಡು ಬಂದರೂ ಇವಳ ಮೇಲಿನ ವಸೂಲಿ ನಿಲ್ಲಲ್ಲ. ಘಟಕ ಅವಳ ಹೆಸರಿನ ಒಂಟಿ ಮಾಲೀಕತ್ವದಲ್ಲಿದ್ದರೆ ವ್ಯಾಪಾರದ ಸಾಲಕ್ಕೂ ಅವಳ ಸ್ವಂತ ಆಸ್ತಿಗೂ ನಡುವೆ ಗೋಡೆಯೇ ಇರಲ್ಲ.

ಇದಕ್ಕೆ ಕಾನೂನು ಇಲ್ವಾ? ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ನೋಂದಾಯಿಸಿದ ಸಣ್ಣ ಘಟಕದಿಂದ ಮಾಲು ತಗೊಂಡವರು 45 ದಿನ ದಾಟಿಸುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರು ಕೊಡೋಕೆ ಪೋರ್ಟಲ್ ಇದೆ, ರಾಜ್ಯದಲ್ಲಿ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಆದರೆ ದೂರು ಕೊಟ್ಟ ಮೇಲೆ ಮುಂದಿನ ಆರ್ಡರ್ ಯಾರು ಕೊಡ್ತಾರೆ? ಒಬ್ಬನೇ ಗಿರಾಕಿಯ ಮೇಲೆ ನಿಂತ ಘಟಕ ಅವನ ಮೇಲೆಯೇ ದೂರು ಕೊಡೋದು ಅಂದ್ರೆ ಕೂತ ಕೊಂಬೆ ಕಡಿದ ಹಾಗೆ.

ಈಗ ಇವಳು ಒಂದು ಕರೋಸೆಲ್ ಮಾಡ್ತಾಳೆ ಅಂತ ಇಟ್ಕೊಳ್ಳಿ. ಆರಂಭ ಇದೆ, ಮಧ್ಯ ಇದೆ. ಒಂಬತ್ತನೇ ಸ್ಲೈಡಿಗೆ ಏನು ಬರೀಬೇಕು? ಈಗಿನ ಅಚ್ಚಿನ ಪ್ರಕಾರ ಬರೆಯೋದು "ಕ್ಯಾಶ್ ಫ್ಲೋ ಕಡೆ ಗಮನ ಕೊಡಿ" ಅಂತ. ಆಗ ದುಡ್ಡು ತಡೆಹಿಡಿದವನು ಕಥೆಯಿಂದ ಸದ್ದಿಲ್ಲದೆ ಎದ್ದು ಹೋಗ್ತಾನೆ, ತಪ್ಪು ಇವಳ ತಲೆಗೆ ಬರುತ್ತೆ. ಹತ್ತನೇ ಸ್ಲೈಡು ಬರೆಯೋ ಹಾಗೇ ಇಲ್ಲ, ಯಾಕಂದ್ರೆ ಇವಳ ಕಥೆ ಮುಗಿದಿಲ್ಲ. ಬ್ಯಾಂಕಿನ ನೋಟಿಸ್ ಬರ್ತಾನೇ ಇದೆ. ಅಂತ್ಯ ಅನ್ನೋದು ಸಾಲ ಇಲ್ಲದವರಿಗೆ ಸಿಗುವ ಸೌಲಭ್ಯ.

ಇನ್ನೊಂದು ಕಥೆ ಹೇಳ್ತೀನಿ. ಇದು ನೂರು ವರ್ಷಕ್ಕೂ ಹಳೆಯದು, ಆದರೆ ಪೂರಾ ಇದೇ ವಿಷಯ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಂತು 1917ರಲ್ಲಿ ಬಾಬಾಸಾಹೇಬರು ಭಾರತಕ್ಕೆ ಬಂದರು. ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದಿದ್ದವರನ್ನ ದೊಣ್ಣೆ ಹಿಡಿದು ಬಂದವರು ಹೊರಗಟ್ಟಿದ್ದನ್ನ ಅವರೇ "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬರೆದಿದ್ದಾರೆ. ಅದು ನಮಗೆಲ್ಲ ಗೊತ್ತು. ಅಷ್ಟಾಗಿ ಮಾತಾಡದೆ ಇರೋದು ಆಮೇಲಿನ ಸಂಗತಿ. ಬಾಂಬೆಗೆ ಬಂದು ಹೊಟ್ಟೆಪಾಡಿಗೆ ಮನೆಪಾಠ ಹೇಳಿದರು, ಲೆಕ್ಕಪತ್ರದ ಕೆಲಸ ಮಾಡಿದರು. ಜೊತೆಗೆ ಷೇರು, ಹೂಡಿಕೆ ಬಗ್ಗೆ ಸಲಹೆ ಕೊಡುವ ಒಂದು ಸಂಸ್ಥೆ ಶುರು ಮಾಡಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಬಾಬಾಸಾಹೇಬರು ಫೌಂಡರ್.

ಸಂಸ್ಥೆ ಮುಚ್ಚಿತು. ಸಲಹೆ ಕೆಟ್ಟದಾಗಿತ್ತು ಅಂತಲ್ಲ. ಸಲಹೆ ಕೊಡುವವರು ಅಸ್ಪೃಶ್ಯರು ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. 1918ರಲ್ಲಿ ಅವರು ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದರು.

ಈ ಕಥೆಯನ್ನ ಆ ಹತ್ತು ಸ್ಲೈಡಿನ ಅಚ್ಚಿಗೆ ಹಾಕಿ ನೋಡಿ. ಒಂಬತ್ತನೇ ಸ್ಲೈಡಿನ ಮೂರು ಪಾಠ ಏನಿರುತ್ತೆ? "ಗಿರಾಕಿಯ ಮನಸ್ಸು ಅರಿಯಿರಿ"? "ನಿಮ್ಮ ಬ್ರ್ಯಾಂಡ್ ಕಟ್ಟಿಕೊಳ್ಳಿ"? ನಗಬೇಕೋ ಅಳಬೇಕೋ ಗೊತ್ತಾಗಲ್ಲ. ದೇಶದಲ್ಲಿ ರೂಪಾಯಿಯನ್ನ ಅವರಷ್ಟು ಅರಿತವರು ಕೈಬೆರಳೆಣಿಕೆಯ ಜನ. ಸರಕು ಚೆನ್ನಾಗಿತ್ತು, ಶ್ರಮ ಇತ್ತು, ಸೋಲು ಗಿರಾಕಿಯ ಕಡೆಯಿಂದ ಬಂತು. ಅದರಲ್ಲಿ ಪಾಠ ಕಲಿಯಬೇಕಾಗಿದ್ದವರು ಗಿರಾಕಿಗಳು. ಸೋತವನೇ ಪಾಠ ಕಲಿಯಬೇಕು ಅನ್ನೋ ಅಚ್ಚಿನಲ್ಲಿ ಈ ಮಾತಿಗೆ ಜಾಗವೇ ಇಲ್ಲ. ಈ ಒಂದು ಕಾರಣಕ್ಕೇ ಆ ಅಚ್ಚನ್ನ ಹಾಗೇ ಎತ್ತಿಕೊಳ್ಳೋದು ನಮಗೆ ಅಪಾಯ. ಜಾತಿ ಮಾಡಿದ ಕೆಲಸಕ್ಕೆ ನಾವೇ ನಮ್ಮ ಗುಣದಲ್ಲಿ ಕಾರಣ ಹುಡುಕ್ತಾ ಕೂರ್ತೀವಿ.

ಹಾಗಾದ್ರೆ ಸೋಲಿನ ಕಥೆ ಹೇಳಲೇಬಾರದಾ? ಹೇಳಬೇಕು. ನಮ್ಮಲ್ಲಿ ಸೋತವರು ಮುಖ ಮರೆಸಿಕೊಳ್ಳೋದೇ ಹೆಚ್ಚು. ಅದರಿಂದ ಮುಂದಿನವರಿಗೆ ಅದೇ ಗುಂಡಿ. ಆರಂಭ, ಮಧ್ಯ, ಅಂತ್ಯ ಇರೋದು ತಪ್ಪಲ್ಲ. ಜನ ಕಥೆಯನ್ನೇ ನೆನಪಿಟ್ಟುಕೊಳ್ಳೋದು, ಬ್ಯಾಲೆನ್ಸ್ ಶೀಟನ್ನಲ್ಲ.

ಲೆಕ್ಕ ಇಟ್ಟು ಹೇಳೋಕೂ ಆಗುತ್ತೆ ಅನ್ನೋದಕ್ಕೆ ಉದಾಹರಣೆಯೂ ಇದೆ. 2016ರಲ್ಲಿ ಬಫರ್ ಕಂಪನಿಯ ಜೋಯಲ್ ಗ್ಯಾಸ್ಕೋಯ್ನ್ 10 ಜನರನ್ನ ಕೆಲಸದಿಂದ ತೆಗೆದಾಗ ಕಂಪನಿಯ ದುಡ್ಡಿನ ಅಂಕಿಅಂಶಗಳನ್ನೇ ಬರಹದಲ್ಲಿ ತೆರೆದಿಟ್ಟ. ಮಿತಿಮೀರಿ ಬೇಗ ಜನರನ್ನ ಸೇರಿಸಿಕೊಂಡೆವು ಅಂತ ಒಪ್ಪಿಕೊಂಡ. ಫೌಂಡರುಗಳ ಸಂಬಳ ಎಷ್ಟು ಕಡಿತವಾಯ್ತು ಅಂತಲೂ ಹೇಳಿದ. ಅವನ ಎಲ್ಲ ನಿರ್ಧಾರ ಸರಿ ಅಂತ ನಾನು ಹೇಳಲ್ಲ. ಆದರೆ ಓದಿದವರು ಒಪ್ಪಬಹುದು, ಜಗಳ ಆಡಬಹುದು, ಯಾಕಂದ್ರೆ ಲೆಕ್ಕ ಎದುರಿಗಿದೆ. ಬರೀ ಪಾಠ ಕೊಟ್ಟರೆ ಜಗಳಕ್ಕೂ ಜಾಗ ಇಲ್ಲ, ಚಪ್ಪಾಳೆ ಒಂದೇ.

ಅದಕ್ಕೆ ನನ್ನ ಬೇಡಿಕೆ ಇಷ್ಟೇ. ಯಾರೇ ಸೋಲಿನ ಕರೋಸೆಲ್ ಹಾಕಲಿ, ಪಾಠದ ಸ್ಲೈಡಿಗೆ ಮುಂಚೆ ಮೂರು ಸ್ಲೈಡು ಸೇರಿಸಲಿ. ಸೇರಿಸದಿದ್ದರೆ ಕಾಮೆಂಟಿನಲ್ಲಿ ಕೇಳಿ.

1. ದುಡ್ಡು ಯಾರದ್ದು, ಯಾವ ಷರತ್ತಿನ ಮೇಲೆ? ಪಾಲೋ, ಸಾಲವೋ, ಮನೆಯವರದ್ದೋ? ಮುಳುಗಿದರೆ ಯಾರು ಯಾರಿಗೆ ಕೊಡಬೇಕಿತ್ತು? ಇದೊಂದು ಗೊತ್ತಾದರೆ "ಧೈರ್ಯವಾಗಿ ರಿಸ್ಕ್ ತಗೊಳ್ಳಿ" ಅನ್ನೋ ಪಾಠ ನಮಗೆ ಹೊಂದುತ್ತೋ ಇಲ್ವೋ ಅನ್ನೋದು ಒಂದೇ ನೋಟಕ್ಕೆ ತಿಳಿಯುತ್ತೆ.

2. ಬಾಗಿಲು ಹಾಕಿದ ದಿನ ಯಾರಿಗೆ ಎಷ್ಟು ಸಿಕ್ತು, ಯಾರಿಗೆ ಬಾಕಿ ಉಳೀತು? ಕೊನೆ ತಿಂಗಳ ಸಂಬಳ, ಪಿಎಫ್, ಮಾಲು ಕೊಟ್ಟವರ ಬಿಲ್ಲು, ಕಸ ಗುಡಿಸುವ ಗುತ್ತಿಗೆ ಹೆಂಗಸರ ದುಡ್ಡು. ಗುತ್ತಿಗೆಯ ಸಾಲಲ್ಲಿ ನಿಂತಿರೋರು ಯಾರು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. "ತಂಡಕ್ಕೆ ಧನ್ಯವಾದ" ಅನ್ನೋ ಸ್ಲೈಡು ಈ ಲೆಕ್ಕಕ್ಕೆ ಬದಲಿ ಆಗಲ್ಲ.

3. ಬಿದ್ದಾಗ ಕೆಳಗೆ ಏನಿತ್ತು? ಮನೆ ಬಾಡಿಗೆ ಯಾರು ಕಟ್ಟಿದರು? ಮುಂದಿನ ಕೆಲಸಕ್ಕೆ ಫೋನ್ ಮಾಡಿದ್ದು ಯಾರು? ಇದ್ದರೆ ಇತ್ತು ಅನ್ನಿ, ನಾಚಿಕೆಪಡೋ ವಿಷಯ ಅಲ್ಲ. ಆದರೆ ಕೆಳಗೆ ಬಲೆ ಕಟ್ಟಿಕೊಂಡು ಹಗ್ಗದ ಮೇಲೆ ನಡೆದವರು, ಬಲೆ ಇಲ್ಲದವರಿಗೆ "ಹೆದರಬೇಡಿ" ಅಂತ ಹೇಳಬಾರದು.

ನಮ್ಮವರಿಗೆ ಇನ್ನೊಂದು ಮಾತು. ಆ ಹೊಲಿಗೆ ಘಟಕದಂಥ ಕಥೆ ನಿಮ್ಮದಾಗಿದ್ದರೆ, ಒಂಬತ್ತನೇ ಸ್ಲೈಡಿನಲ್ಲಿ ನಿಮ್ಮ ಗುಣದೋಷ ಬರೆಯುವ ಮುಂಚೆ ದಿನಾಂಕ ಬರೆಯಿರಿ. ಮಾಲು ಕೊಟ್ಟ ದಿನ, 45 ದಿನ ಮುಗಿದ ದಿನ, ದುಡ್ಡು ಬಂದ ದಿನ, ಕಂತು ತಪ್ಪಿದ ದಿನ. ನಾಲ್ಕು ದಿನಾಂಕ ಒಂದರ ಕೆಳಗೊಂದು ಇಟ್ಟರೆ ಸೋಲು ಎಲ್ಲಿಂದ ಬಂತು ಅಂತ ಓದಿದವರೇ ಹೇಳ್ತಾರೆ. ಕಥೆ ಮುಗಿದಿಲ್ಲ ಅಂದ್ರೆ ಮುಗಿದಿಲ್ಲ ಅಂತಲೇ ಬರೆಯಿರಿ. ಅಂತ್ಯ ಇಲ್ಲದ ಕಥೆಗೆ ಲೈಕ್ ಕಡಿಮೆ ಬೀಳಬಹುದು. ಆದರೆ ನಾಳೆ ಬ್ಯಾಂಕಿನ ಫಾರ್ಮಿಗೆ ಸಹಿ ಹಾಕೋಕೆ ಕೂತ ಇನ್ನೊಬ್ಬ ಹೆಣ್ಣುಮಗಳು ಸಹಿ ಹಾಕುವ ಮುಂಚೆ ಗಿರಾಕಿ ಎಷ್ಟು ದಿನಕ್ಕೆ ದುಡ್ಡು ಕೊಡ್ತಾನೆ ಅಂತ ಒಂದು ಪ್ರಶ್ನೆ ಕೇಳ್ತಾಳೆ.

ಜೈ ಭೀಮ್.